ಪುಣೆಯಿಂದ ಯಾರು ನೋಡುತ್ತಿದ್ದಾರೆ?

ಯೂಟ್ಯೂಬಿನಲ್ಲಿ ವಿಡಿಯೊ ಹಾಕಿದವರಿಗೆ ಮೊದಮೊದಲು ಸಿಗುತ್ತಿದ್ದ ಮುಖ್ಯ ಲೆಕ್ಕ ಒಂದೇ: ಎಷ್ಟು ಸಲ ನೋಡಿದರು. ನೋಡಿದವರು ಎಲ್ಲಿಯವರು ಎಂಬುದು 2008ರ ಮಾರ್ಚ್‌ನಲ್ಲಿ ಬಂದ ‘ಇನ್‌ಸೈಟ್’ನಿಂದ ತಿಳಿಯತೊಡಗಿತು. 2011ರ ಕೊನೆಗೆ ಅದರ ಜಾಗಕ್ಕೆ ಅನಾಲಿಟಿಕ್ಸ್ ಬಂತು. ಇಷ್ಟು ವರ್ಷವಾದರೂ ಬಹಳ ಜನ ಈ ವರದಿಗಳನ್ನು ಜಾತ್ರೆಯಲ್ಲಿ ತಲೆ ಎಣಿಸಿದಂತೆ ನೋಡಿ ಮುಚ್ಚಿಡುತ್ತಾರೆ. ಬಾಗಲಕೋಟೆ ಕಡೆಯ, ನನಗೆ ಪರಿಚಯದ ತಾಯಿ-ಮಗಳು ಹಾಗೆ ಮುಚ್ಚಿಡಲಿಲ್ಲ.

ತಾಯಿ ಜೋಳದ ರೊಟ್ಟಿ ಬಡಿಯುತ್ತಾರೆ, ಮಗಳು ಚಿತ್ರೀಕರಿಸಿ ಚಾನೆಲ್‌ಗೆ ಹಾಕುತ್ತಾಳೆ. ಶೀರ್ಷಿಕೆ ಕನ್ನಡ ಲಿಪಿಯಲ್ಲಿ ಮಾತ್ರ ಇತ್ತು. ಒಂದು ದಿನ ಮಗಳು ನಗರಗಳ ವರದಿ ತೆರೆದಾಗ ಬೆಂಗಳೂರಿನ ಬೆನ್ನಿಗೇ ಪುಣೆ ಇತ್ತು, ಸ್ವಲ್ಪ ಕೆಳಗೆ ಹೈದರಾಬಾದ್.

“ಪುಣೇದಾಗ ನಮ್ಮ ರೊಟ್ಟಿ ಯಾರು ನೋಡ್ತಾರವ್ವಾ?” ಎಂದು ಕೇಳಿದಳು.

“ನಮ್ಮ ಮಂದೀನ ಇರಬೇಕು. ದುಡಿಯಾಕ ಹೋದವರು ಕಡಿಮೆ ಅದಾರೇನು?” ಎಂದರು ತಾಯಿ.

ಆ ಉತ್ತರ ಸರಿಯೂ ಇರಬಹುದಿತ್ತು. ಊರಿನ ವರದಿ ಮುಖ್ಯವಾಗಿ ಇಂಟರ್‌ನೆಟ್ ವಿಳಾಸ ನೋಡಿ ಹೇಳುತ್ತದೆ. ಆ ಊರಲ್ಲಿರುವವರ ಭಾಷೆ ಯಾವುದೆಂದು ಅದಕ್ಕೆ ಗೊತ್ತಿಲ್ಲ. ಸಬ್‌ಟೈಟಲ್ ಭಾಷೆಯ ವರದಿಯೂ ಪೂರ್ತಿ ನೆರವಾಗಲಿಲ್ಲ, ಏಕೆಂದರೆ ಸಬ್‌ಟೈಟಲ್ ಹಾಕಿಕೊಂಡು ನೋಡಿದವರಷ್ಟೇ ಅದರಲ್ಲಿ ಲೆಕ್ಕಕ್ಕೆ ಬರುತ್ತಾರೆ. ಮಗಳು ಮೂರನೆಯ ಕಡೆ ಹೋದಳು: ಯೂಟ್ಯೂಬ್ ಹುಡುಕಾಟದಿಂದ ಬಂದವರು ಏನೆಂದು ಬರೆದು ಹುಡುಕಿದ್ದರು? `jolada rotti` ಜೊತೆಗೆ `jowar bhakri` ಇತ್ತು, `jonna rotte` ಇತ್ತು. ಹೈದರಾಬಾದಿನವರು, ಪುಣೆಯವರು ಕನ್ನಡಿಗರಷ್ಟೇ ಆಗಿರಲಿಲ್ಲ. ಭಾಕರಿ, ಜೊನ್ನ ರೊಟ್ಟೆ, ಜೋಳದ ರೊಟ್ಟಿ ಎಲ್ಲವೂ ಒಂದೇ ಹಂಚಿನ ಮೇಲೆ ಬೇಯುತ್ತವೆ, ಕೈಬಡಿತ ನೋಡಿ ಕಲಿಯಲು ಭಾಷೆಯೂ ಬೇಕಿಲ್ಲ.

ವಯಸ್ಸಿನ ವರದಿಯಲ್ಲಿ ತಾಯಿ ಎಣಿಸಿದ್ದ ಅಜ್ಜಿಯಂದಿರು ಕಾಣಲಿಲ್ಲ. 25–34ರ ಗುಂಪೇ ದೊಡ್ಡದಾಗಿತ್ತು. ಈ ಲೆಕ್ಕ ಲಾಗಿನ್ ಆದ ಖಾತೆಯದು, ಮೊಮ್ಮಗನ ಫೋನಿನಲ್ಲಿ ನೋಡುವ ಅಜ್ಜಿ ಮೊಮ್ಮಗನಾಗಿಯೇ ದಾಖಲಾಗುತ್ತಾಳೆ. ಆದರೂ ನೋಡುವವರು ಎಳೆಯರೆಂದೇ ಹುಡುಕಾಟದ ಪದಗಳೂ ಹೇಳುತ್ತಿದ್ದವು. ಹೆಚ್ಚಿನವು ರೊಟ್ಟಿ ಏಕೆ ಹರಿಯುತ್ತದೆ, ಹಿಟ್ಟು ಏಕೆ ಬಿರಿಯುತ್ತದೆ ಎಂಬ ಹೊಸಬರ ಪ್ರಶ್ನೆಗಳು. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಕುದಿನೀರು ಹಾಕಿ ನಾದಿದರೆ ಹಿಟ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ. ಇದು ವಿಡಿಯೊದ ನಡುವೆ ಎಲ್ಲೋ ಇತ್ತು, ಶೀರ್ಷಿಕೆಯಲ್ಲಿ ಇರಲಿಲ್ಲ. ಮಗಳು ‘ಹರಿಯದಂತೆ’ ಎಂಬ ಮಾತನ್ನು ಮೇಲಕ್ಕೆ ತಂದಳು. ಅಮೆರಿಕದಿಂದ ನೋಡುವವರೂ ಕಂಡದ್ದರಿಂದ ವಿವರಣೆಯ ಮೊದಲ ಸಾಲಿನಲ್ಲಿ `sorghum flour` ಸೇರಿಸಿದಳು. ಅಲ್ಲಿನ ಅಂಗಡಿಗಳಲ್ಲಿ ಜೋಳದ ಹಿಟ್ಟಿಗೆ ಇರುವ ಹೆಸರು ಅದು.

ನಿಜವಾದ ಪತ್ತೆ ಆದದ್ದು ಇದರ ನಂತರ. ಯೂಟ್ಯೂಬ್ ಸ್ಟುಡಿಯೋದಲ್ಲಿ ಶೀರ್ಷಿಕೆ, ವಿವರಣೆಗಳನ್ನು ಬೇರೆ ಭಾಷೆಗಳಲ್ಲೂ ಕೊಡಬಹುದು. ಮಗಳು ಮರಾಠಿ, ತೆಲುಗು, ಇಂಗ್ಲಿಷ್ ಮೂರನ್ನೂ ಕೊಟ್ಟಳು. ವಾರದೊಳಗೆ ಹುಬ್ಬಳ್ಳಿಯ ಗೆಳತಿಯ ಫೋನ್: “ನಿಮ್ಮವ್ವ ಯಾವಾಗಿಂದ ಇಂಗ್ಲಿಷ್ ಕಲತ್ರ?” ಯಾವ ಅನುವಾದ ತೋರಿಸಬೇಕೆಂದು ಯೂಟ್ಯೂಬ್ ನೋಡುವುದು ಹೆಚ್ಚಾಗಿ ಫೋನಿನಲ್ಲಿ ಆರಿಸಿದ ಭಾಷೆಯನ್ನು. ಮನೆಯಲ್ಲಿ ಕನ್ನಡವನ್ನೇ ಆಡುವ ಎಷ್ಟೋ ಜನರ ಫೋನು ಇಂಗ್ಲಿಷಿನಲ್ಲಿರುತ್ತದೆ. ಹಾಗಾಗಿ ಹೊರಗಿನವರಿಗೆಂದು ಬರೆದ `How to Make Soft Flatbread` ಸ್ವಂತ ಊರಿನವರ ಮುಂದೆ ಹೋಗಿ ನಿಂತಿತ್ತು. ಯಾವ ಅನುವಾದವನ್ನು ಎಷ್ಟು ಜನ ಕಂಡರು ಎಂಬ ವರದಿಯೂ ಇದೆ. ಅದರಲ್ಲಿ ಭಾರತವನ್ನಷ್ಟೇ ಆರಿಸಿ ನೋಡಿದಾಗ ಇಂಗ್ಲಿಷಿನದೇ ಮೇಲುಗೈ.

ಇಂಗ್ಲಿಷ್ ಖಾನೆಯ ಶೀರ್ಷಿಕೆ ಆಮೇಲೆ ಹೀಗಾಯಿತು:

```
Jolada Rotti ಹರಿಯದಂತೆ | Jowar Roti
```

ಬೆಂಗಳೂರಿನವನಿಗೂ ದಿಲ್ಲಿಯವಳಿಗೂ ಇದರ ಗುರುತು ಸಿಗುತ್ತದೆ. ಫಲ ಸಿಕ್ಕಿತೇ ಎಂದು ನೋಡಲು ಮಗಳು ಆ ಒಂದು ವಿಡಿಯೊವನ್ನಷ್ಟೇ ಬದಲಿಸಿ, ಹುಡುಕಾಟದಿಂದ ಬಂದ ನೋಟಗಳನ್ನು ಹಿಂದಿನ ಅಷ್ಟೇ ದಿನಗಳ ಜೊತೆ ಹೋಲಿಸಿದಳು. ಬಂದವರು ಎಷ್ಟು ಹೊತ್ತು ನಿಂತರು ಎಂಬುದನ್ನೂ ನೋಡಿದಳು. ತಪ್ಪು ಪದದಿಂದ ಬಂದವರು ಬೇಗ ಎದ್ದು ಹೋಗುತ್ತಾರೆ. ಸಂಕ್ರಾಂತಿಯ ಆಸುಪಾಸಿನ ದಿನಗಳನ್ನು ಹೋಲಿಕೆಯಿಂದ ಹೊರಗಿಟ್ಟಳು. ಭೋಗಿ ಹಬ್ಬಕ್ಕೆ ಮಹಾರಾಷ್ಟ್ರದಲ್ಲೂ ಇಲ್ಲೂ ರೊಟ್ಟಿಯ ಹುಡುಕಾಟ ತಾನಾಗಿಯೇ ಏರುತ್ತದೆ, ಆ ಏರಿಕೆಯನ್ನು ಶೀರ್ಷಿಕೆಯ ಖಾತೆಗೆ ಬರೆದುಕೊಳ್ಳಬಾರದು.

ಟ್ಯಾಗ್‌ಗಳ ಗೋಜಿಗೆ ಆಕೆ ಹೆಚ್ಚು ಹೋಗಲಿಲ್ಲ. ಅವುಗಳ ಪಾತ್ರ ಸಣ್ಣದು, ತಪ್ಪು ಕಾಗುಣಿತದಲ್ಲಿ ಹುಡುಕುವವರಿಗಷ್ಟೇ ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. ನಿಮ್ಮದೂ ಕನ್ನಡ ಚಾನೆಲ್ ಆಗಿದ್ದು ಇಂಗ್ಲಿಷ್ ಶೀರ್ಷಿಕೆ ಸೇರಿಸಿದ್ದರೆ, ಇಂಗ್ಲಿಷಿನಲ್ಲಿರುವ ಒಂದು ಫೋನನ್ನು ಮನೆಯವರಿಂದ ಕೇಳಿ ಪಡೆದು ನಿಮ್ಮ ವಿಡಿಯೊ ಹೇಗೆ ಕಾಣುತ್ತದೆಂದು ಇವತ್ತೇ ನೋಡಿ.