ನಿಂತ ಕಾರಿನ ಕಾವು, ಶಾಲೆಯ ಗೇಟಿನ ಎಚ್ಚರ

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗು ಹೊರಗಿನ ಗಾಳಿಗಿಂತ ಬಹಳ ಬೇಗ ಕಾಯುತ್ತದೆ. ಗಾಜಿನ ಮೂಲಕ ಒಳಬರುವ ಬಿಸಿಲು ಡ್ಯಾಶ್‌ಬೋರ್ಡ್, ಸ್ಟೀರಿಂಗ್, ಸೀಟುಗಳಿಗೆ ಕಾವು ಏರಿಸುತ್ತದೆ, ಅವುಗಳಿಂದ ಒಳಗಿನ ಗಾಳಿ ಬಿಸಿಯಾಗುತ್ತದೆ. ಆ ಗಾಳಿ ಹೊರಹೋಗಲು ದಾರಿಯಿರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ ಸುಮಾರು 22 ಡಿಗ್ರಿ ಸೆಲ್ಸಿಯಸ್ ಇದ್ದ ತಂಪು ದಿನವೂ ಒಂದು ಗಂಟೆಯಲ್ಲಿ ಕಾರಿನೊಳಗೆ 47 ಡಿಗ್ರಿ ಕಂಡುಬಂದಿತ್ತು. ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯ ಗಾಜನ್ನು ಮೂರ್ನಾಲ್ಕು ಸೆಂಟಿಮೀಟರ್ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿರಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ. ಹಿರಿಯ ಮಗುವನ್ನು ಕರೆತರಲು ಬಂದವರು, ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಕೂಸನ್ನು ಎಬ್ಬಿಸುವುದು ಬೇಡವೆಂದು ಕಾರಿನಲ್ಲೇ ಬಿಟ್ಟು ಗೇಟಿನವರೆಗೆ ಹೋಗುತ್ತಾರೆ. ಹೊರಗೆ 30 ಡಿಗ್ರಿಯಿದ್ದರೆ ಹತ್ತು ನಿಮಿಷದಲ್ಲಿ ಕಾರಿನೊಳಗೆ ಸುಮಾರು 40, ಇಪ್ಪತ್ತು ನಿಮಿಷದಲ್ಲಿ 46 ಡಿಗ್ರಿಯಾಗುತ್ತದೆ. ಶಿಕ್ಷಕರೊಡನೆ ನಾಲ್ಕು ಮಾತು, ಗೇಟಿನಲ್ಲಿ ಸ್ವಲ್ಪ ನೂಕುನುಗ್ಗಲು ಇದ್ದರೆ ಅಷ್ಟು ಹೊತ್ತು ಸರಿದುಹೋಗುತ್ತದೆ. ಚಿಕ್ಕ ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಬಿಸಿಯಾಗುತ್ತದೆ. ಮೈಯ ಉಷ್ಣತೆ 40 ಡಿಗ್ರಿ ದಾಟಿದರೆ ಮಿದುಳು ಮತ್ತಿತರ ಅಂಗಗಳಿಗೆ ಹಾನಿಯಾಗಬಹುದು. ನಾಯಿ ಹೆಚ್ಚಾಗಿ ನಾಲಿಗೆ ಚಾಚಿ ತೇಕುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾದಾಗ ಅದರಿಂದ ಪ್ರಯೋಜನವಿಲ್ಲ, ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳು ಇನ್ನೂ ಬೇಗ ಸೋಲುತ್ತವೆ.

ಎಸಿ ಹಾಕಿ ಎಂಜಿನ್ ಓಡಿಸಿಟ್ಟು ಹೋಗುವುದೂ ಪರಿಹಾರವಲ್ಲ. ಎಂಜಿನ್ ನಿಂತುಹೋಗಬಹುದು, ಮಗು ಗೇರ್ ಎಳೆದು ಅಥವಾ ಹ್ಯಾಂಡ್‌ಬ್ರೇಕ್ ಸಡಿಲಿಸಿ ಕಾರು ಉರುಳಬಹುದು.

ಮಗು ಅತಿಯಾಗಿ ಬಿಸಿಯಾಗಿ, ಮಂಕಾಗಿ, ಗೊಂದಲಗೊಂಡಂತೆ ಕಂಡರೆ ಅದು ಶಾಖಾಘಾತವಾಗಿರಬಹುದು. ತಕ್ಷಣ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪುತ್ತಿರುವ ಮಗುವಿನ ಬಾಯಿಗೆ ನೀರು ಹಾಕಬಾರದು.

ಮಗುವನ್ನು ಕಾರಿನಲ್ಲಿ ಮರೆತೇಬಿಡುವ ಪ್ರಸಂಗಗಳು ಹೆಚ್ಚಾಗಿ ದಿನಚರಿ ಬದಲಾದಾಗ ನಡೆಯುತ್ತವೆ. ಎಂದಿನಂತೆ ತಾಯಿ ಬಿಡುವ ಕೂಸನ್ನು ಒಂದು ದಿನ ತಂದೆ ಕರೆದೊಯ್ದರೆ, ನಿದ್ದೆಯಲ್ಲಿರುವ ಮಗು ಸದ್ದು ಮಾಡದೆ ಅವರು ನೇರವಾಗಿ ಕಚೇರಿಗೆ ಹೋಗಿಬಿಡಬಹುದು. ಆಫೀಸಿನ ಬ್ಯಾಗನ್ನು ಮಗುವಿನ ಪಕ್ಕದಲ್ಲೇ ಇಟ್ಟರೆ ಇಳಿಯುವಾಗ ಹಿಂದಿನ ಬಾಗಿಲು ತೆರೆಯಲೇಬೇಕಾಗುತ್ತದೆ. ಮಗು ಬಾರದಿದ್ದರೆ ಶಾಲೆ ಅಥವಾ ಡೇಕೇರ್‌ನವರು ಕೂಡಲೇ ಫೋನ್ ಮಾಡಬೇಕೆಂದು ಮೊದಲೇ ಒಪ್ಪಿಕೊಳ್ಳುವುದು ಎರಡನೇ ತಡೆ.

ಶಾಲೆಯ ಮುಂದೆ ಕಾರು ಗೇಟಿರುವ ಬದಿಯಲ್ಲೇ, ಗೇಟಿನಿಂದ ಸ್ವಲ್ಪ ದೂರ ನಿಲ್ಲಬೇಕು. ಆಗ ಮಗು ರಸ್ತೆ ದಾಟಬೇಕಾಗುವುದಿಲ್ಲ. ನಮ್ಮಲ್ಲಿ ವಾಹನಗಳು ಎಡಗಡೆ ಚಲಿಸುವುದರಿಂದ ಮಗು ಎಡಬಾಗಿಲಿನಿಂದ, ಫುಟ್‌ಪಾತ್ ಕಡೆಗೆ ಇಳಿಯಬೇಕು. ನಿಂತ ವಾಹನದ ಪಕ್ಕದಲ್ಲಿ ಇನ್ನೊಂದು ವಾಹನ ನಿಲ್ಲಿಸಿದರೆ ಅವುಗಳ ನಡುವಿನಿಂದ ನುಗ್ಗಿಬರುವ ಮಗು ಚಾಲಕರಿಗೆ ಕಾಣುವುದೇ ಇಲ್ಲ. ಕಾರಿನ ಹಿಂದೆ ನಿಂತ ಪುಟ್ಟ ಮಗುವೂ ಕನ್ನಡಿಯಲ್ಲಿ ಕಾಣದಿರಬಹುದು. ಆದ್ದರಿಂದ ಗೇಟಿನ ಬಳಿ ರಿವರ್ಸ್ ತೆಗೆಯುವುದನ್ನೇ ತಪ್ಪಿಸಿ, ಮುಂದಕ್ಕೆ ಹೋಗಿ ತಿರುಗಿಸಿಕೊಳ್ಳುವುದು ಸುರಕ್ಷಿತ.