ವೀಸಾ ತಿರಸ್ಕಾರವಾದರೆ ಒಂದು ಪತ್ರ ಬರೆದರೆ ಸಾಕೇ? 'ವಾಪಸ್ ಹೋಗುವ ಭರವಸೆ ಇಲ್ಲ' ಎಂಬ ಕಾರಣದ ಹಿಂದಿನ ಸತ್ಯ

"ವೀಸಾ ರಿಜೆಕ್ಟ್ ಆಗಿದೆಯಾ? ಚಿಂತೆ ಬೇಡ. ಮೂವತ್ತು ದಿನದೊಳಗೆ ಮರುಪರಿಶೀಲನೆ ಪತ್ರ ಕಳಿಸಿ, ಜೊತೆಗೆ ಎಂಎಲ್‌ಎ ಶಿಫಾರಸು ಇಡಿ, ವೀಸಾ ಬಂದೇ ಬರುತ್ತದೆ." ಇಂಥ ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸುತ್ತವೆ. ಮಕ್ಕಳು ಹೊರದೇಶದಲ್ಲಿರುವ ರಾಯಚೂರು, ದೇವದುರ್ಗ, ಮಾನ್ವಿಯ ತಂದೆತಾಯಂದಿರಿಗೆ ಇದು ಬೇಕಾದ ಮಾತೇ. ಆದರೆ ಇದರಲ್ಲಿ ನಿಜ ಎಷ್ಟು? ನೋಡೋಣ.

ಮೊದಲನೆಯದಾಗಿ, ಈ ಪತ್ರ ಎಲ್ಲ ದೇಶಗಳಿಗೂ ನಡೆಯುವುದಿಲ್ಲ. ಅಮೆರಿಕದ ಭೇಟಿ ವೀಸಾ 214(ಬಿ) ಕಲಮಿನಡಿ ತಿರಸ್ಕಾರವಾದರೆ ಅದಕ್ಕೆ ಮೇಲ್ಮನವಿಯೇ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಜರ್ಮನಿಯಲ್ಲಿ ರಾಯಭಾರ ಕಚೇರಿಗೇ ಆಕ್ಷೇಪಣೆ ಪತ್ರ ಬರೆಯುವ ಪದ್ಧತಿ ಇತ್ತು, 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಹಳೆಯ ಫಾರ್ವರ್ಡ್‌ಗಳಲ್ಲಿ ಅದು ಇನ್ನೂ ಓಡಾಡುತ್ತಿದ್ದರೆ ನಂಬಬೇಡಿ. ಪತ್ರಕ್ಕೆ ಸ್ವಲ್ಪ ಜಾಗ ಇರುವುದು ಕೆನಡಾದಲ್ಲಿ. ಹಾಗಾಗಿ ನಾವು ಅದನ್ನೇ ವಿವರವಾಗಿ ನೋಡುತ್ತೇವೆ.

ತಿರಸ್ಕಾರ ಪತ್ರ ಏನು ಹೇಳುತ್ತದೆ?

ಕೆನಡಾದ ವಲಸೆ ನಿಯಮ 179(ಬಿ) ಪ್ರಕಾರ, ಭೇಟಿಗೆ ಬಂದವರು ಅವಧಿ ಮುಗಿದ ಮೇಲೆ ದೇಶ ಬಿಟ್ಟು ಹೋಗುತ್ತಾರೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಆಗದಿದ್ದರೆ ವೀಸಾ ಇಲ್ಲ. ಇದನ್ನು ತೋರಿಸುವ ಹೊಣೆ ಅರ್ಜಿದಾರರದು. ಪತ್ರದಲ್ಲಿ "ಕೆನಡಾದ ಹೊರಗೆ ಬಲವಾದ ಕುಟುಂಬ ಸಂಬಂಧ ಇಲ್ಲ", "ಆಸ್ತಿ ಮತ್ತು ಹಣಕಾಸಿನ ಸ್ಥಿತಿ ಸಾಲದು" ಎಂಬಂಥ ಸಿದ್ಧ ವಾಕ್ಯಗಳಿರುತ್ತವೆ. ಇವನ್ನಷ್ಟೇ ಓದಿ ಪತ್ರ ಬರೆಯಲು ಕೂತರೆ ಕತ್ತಲಲ್ಲಿ ಕಲ್ಲು ಎಸೆದಂತೆ.

ನಿಜವಾದ ಕಾರಣ ಅಧಿಕಾರಿಯ ಟಿಪ್ಪಣಿಯಲ್ಲಿರುತ್ತದೆ. 2025ರ ಜುಲೈ ಕೊನೆಯಿಂದ ಹಲವು ತಿರಸ್ಕಾರ ಪತ್ರಗಳ ಜೊತೆಗೇ ಈ ಟಿಪ್ಪಣಿಯನ್ನೂ ಕಳಿಸುತ್ತಿದ್ದಾರೆ. ಬಂದಿಲ್ಲದಿದ್ದರೆ ಕೆನಡಾದಲ್ಲಿರುವ ಮಗನೋ ಮಗಳೋ ನಿಮ್ಮ ಒಪ್ಪಿಗೆ ಪತ್ರದೊಂದಿಗೆ ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ ಪಡೆಯಬಹುದು. ಇದರ ಶುಲ್ಕ 5 ಕೆನಡಾ ಡಾಲರ್.

ಒಂದು ಉದಾಹರಣೆ

ದೇವದುರ್ಗ ತಾಲೂಕಿನ ರೈತ ದಂಪತಿ ಎಂದುಕೊಳ್ಳಿ. ನಾರಾಯಣಪುರ ಬಲದಂಡೆ ಕಾಲುವೆ ನೀರಿನ ಎಂಟು ಎಕರೆ ಭತ್ತದ ಗದ್ದೆ ಇದೆ. ಮಗಳು ಕೆನಡಾದಲ್ಲಿದ್ದಾಳೆ, ಹೆರಿಗೆಗೆ ಎರಡು ತಿಂಗಳಿದೆ. ಮಗ, ಸೊಸೆ, ಮೊಮ್ಮಗ ರಾಯಚೂರು ನಗರದಲ್ಲಿದ್ದಾರೆ. ಇವರ ಅರ್ಜಿ ತಿರಸ್ಕಾರವಾಯಿತು. ಟಿಪ್ಪಣಿಯಲ್ಲಿ ಮೂರು ಮಾತು ಇದ್ದವು.

ಒಂದು: "ಮಗಳು ಕೆನಡಾದಲ್ಲಿ. ಭಾರತದಲ್ಲಿ ಬೇರೆ ಮಕ್ಕಳಿರುವ ಮಾಹಿತಿ ಇಲ್ಲ."
ಎರಡು: "ಜಮೀನಿನ ದಾಖಲೆಗೆ ಅನುವಾದ ಇಲ್ಲ."
ಮೂರು: "ಅರ್ಜಿಗೆ ಮುಂಚೆ ಖಾತೆಗೆ 4,20,000 ರೂಪಾಯಿ ಬಂದಿದೆ, ಎಲ್ಲಿಂದ ಎಂದು ತಿಳಿಸಿಲ್ಲ."

ಈಗ ಒಂದೊಂದನ್ನೇ ನೋಡೋಣ. ಮೊದಲನೆಯದು ಅಧಿಕಾರಿಯ ತಪ್ಪು. ಕುಟುಂಬ ಮಾಹಿತಿ ಫಾರ್ಮಿನಲ್ಲಿ ಮಗನ ಹೆಸರು, ವಿಳಾಸ, ಉದ್ಯೋಗ ಎಲ್ಲವನ್ನೂ ತುಂಬಿದ್ದರು. ಅಧಿಕಾರಿ ಅದನ್ನು ನೋಡಿಲ್ಲ.

ಎರಡನೆಯದು ಅರ್ಜಿದಾರರ ತಪ್ಪು. ಪಹಣಿ ಕನ್ನಡದಲ್ಲಿದೆ, ಅದನ್ನು ಹಾಗೆಯೇ ಸ್ಕ್ಯಾನ್ ಮಾಡಿ ಹಾಕಿದ್ದರು. ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದ ಇಲ್ಲದ ಕಾಗದವನ್ನು ಅಲ್ಲಿನ ಅಧಿಕಾರಿ ಓದಬೇಕಾಗಿಲ್ಲ. ನಮ್ಮ ಕಣ್ಣಿಗೆ ಎಂಟು ಎಕರೆ ಗದ್ದೆ, ಅವರ ಕಣ್ಣಿಗೆ ಅರ್ಥವಾಗದ ಒಂದು ಹಾಳೆ.

ಮೂರನೆಯದೂ ಅರ್ಜಿದಾರರದೇ. ಅದು 200 ಕ್ವಿಂಟಾಲ್ ಭತ್ತವನ್ನು ಕ್ವಿಂಟಾಲಿಗೆ 2,100ರಂತೆ ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಮಾರಿದ ಹಣ. ದಲಾಲಿ ಅಂಗಡಿಯ ಪಟ್ಟಿ ಮನೆಯಲ್ಲಿತ್ತು, ಅರ್ಜಿಯಲ್ಲಿ ಇರಲಿಲ್ಲ. ವರ್ಷಕ್ಕೆ ಒಂದೆರಡು ಸಲ ದೊಡ್ಡ ಮೊತ್ತ ಬರುವುದು ರೈತರಿಗೆ ಸಹಜ. ಪ್ರತಿ ತಿಂಗಳ ಸಂಬಳ ನೋಡಿ ರೂಢಿಯಾದ ಅಧಿಕಾರಿಗೆ ಅದು ವೀಸಾಕ್ಕಾಗಿ ಸಾಲ ತಂದು ತೋರಿಸಿದ ಹಣದಂತೆ ಕಾಣಬಹುದು.

ಪತ್ರ ಯಾವುದಕ್ಕೆ, ಹೊಸ ಅರ್ಜಿ ಯಾವುದಕ್ಕೆ?

ಇಲ್ಲೇ ಫಾರ್ವರ್ಡ್‌ಗಳು ದಾರಿ ತಪ್ಪಿಸುವುದು. ಮರುಪರಿಶೀಲನೆ ಕಾನೂನು ಕೊಟ್ಟ ಮೇಲ್ಮನವಿ ಹಕ್ಕಲ್ಲ. ಅಧಿಕಾರಿ ಬಯಸಿದರೆ ಕಡತ ತೆರೆಯಬಹುದು, ಇಲ್ಲದಿದ್ದರೆ ಇಲ್ಲ. ಅವರು ತೆರೆಯುವ ಸಾಧ್ಯತೆ ಇರುವುದು, ಆಗಲೇ ಕಡತದಲ್ಲಿದ್ದ ವಿಷಯವನ್ನು ಅವರೇ ತಪ್ಪಾಗಿ ಓದಿದ್ದಾರೆ ಎಂದು ತೋರಿಸಿದಾಗ. ಮೊದಲು ಕೊಡದ ಕಾಗದವನ್ನು ಈಗ ಕೊಟ್ಟು "ಮತ್ತೆ ನೋಡಿ" ಎಂದರೆ, ಸಾಮಾನ್ಯವಾಗಿ ಬರುವ ಉತ್ತರ "ಹೊಸ ಅರ್ಜಿ ಹಾಕಿ" ಎಂದೇ.

ಅಂದರೆ ನಮ್ಮ ದಂಪತಿಯ ಪತ್ರದಲ್ಲಿ ಮೊದಲ ಅಂಶ ಮಾತ್ರ ಇರಬೇಕು. ಪತ್ರ ಇಂಗ್ಲಿಷಿನಲ್ಲಿರಬೇಕು, ಒಂದು ಪುಟ ದಾಟಬಾರದು. ಅದರ ಸಾರ ಹೀಗೆ:

"ಅರ್ಜಿ ಸಂಖ್ಯೆ ಇಂಥದ್ದು, ತಿರಸ್ಕಾರದ ದಿನಾಂಕ ಇಂಥದ್ದು. ಭಾರತದಲ್ಲಿ ಬೇರೆ ಮಕ್ಕಳಿರುವ ಮಾಹಿತಿ ಇಲ್ಲ ಎಂದು ಅಧಿಕಾರಿಯ ಟಿಪ್ಪಣಿ ಹೇಳುತ್ತದೆ. ನಾವು ಸಲ್ಲಿಸಿದ ಕುಟುಂಬ ಮಾಹಿತಿ ಫಾರ್ಮಿನ ಮಕ್ಕಳ ಭಾಗದಲ್ಲಿ ರಾಯಚೂರಿನಲ್ಲಿರುವ ನಮ್ಮ ಮಗನ ವಿವರ ಇದೆ. ಅದರ ಪ್ರತಿ ಲಗತ್ತಿಸಿದ್ದೇವೆ. ಈ ಮಾಹಿತಿಯನ್ನು ಪರಿಗಣಿಸದೆ ನಿರ್ಧಾರ ಆಗಿರುವುದರಿಂದ ಮರುಪರಿಶೀಲಿಸಲು ಕೋರುತ್ತೇವೆ."

ಇಷ್ಟೇ. "ಖಂಡಿತ ವಾಪಸ್ ಬರುತ್ತೇವೆ, ದೇವರಾಣೆ" ಎಂಬ ಮಾತಿಗೆ ಅಲ್ಲಿ ತೂಕ ಇಲ್ಲ. ಎಂಎಲ್‌ಎ ಶಿಫಾರಸು ಪತ್ರ ನೀವು ವಾಪಸ್ ಬರುವುದಕ್ಕೆ ಸಾಕ್ಷಿಯಾಗುವುದಿಲ್ಲ. ಪತ್ರವನ್ನು ಕೆನಡಾ ವಲಸೆ ಇಲಾಖೆಯ ವೆಬ್‌ಸೈಟಿನ ವೆಬ್‌ಫಾರ್ಮ್ ಮೂಲಕ ಕಳಿಸಬಹುದು. ಇದಕ್ಕೆ ಶುಲ್ಕ ಇಲ್ಲ.

ಉಳಿದ ಎರಡು ಅಂಶಗಳಿಗೆ ಹೊಸ ಅರ್ಜಿಯೇ ದಾರಿ. ಪಹಣಿಯ ಅನುವಾದವನ್ನು ಮನೆಯವರು ಮಾಡುವಂತಿಲ್ಲ. ಹೊರಗಿನ ಅನುವಾದಕರು ಮಾಡಿ, ನೋಟರಿ ಮುಂದೆ ಪ್ರಮಾಣಪತ್ರ ಕೊಡಬೇಕು. ದಲಾಲಿ ಪಟ್ಟಿಯ ಮೊತ್ತ, ದಿನಾಂಕ ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಹೊಂದಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೋ ಜಂಟಿ ಹೆಸರಿನಲ್ಲೋ ಇದ್ದರೆ ನಿಮ್ಮ ಪಾಲು ಎಷ್ಟು ಎಂದು ವಿವರಿಸಬೇಕು. ಹೊಸ ಅರ್ಜಿಗೆ ಒಬ್ಬರಿಗೆ 100 ಕೆನಡಾ ಡಾಲರ್. ಬೆರಳಚ್ಚು ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ, ಅದಕ್ಕೆ ಮತ್ತೆ ಹಣ ಕಟ್ಟಬೇಕಿಲ್ಲ.

ಹೆರಿಗೆಗೆ ಎರಡೇ ತಿಂಗಳಿರುವಾಗ ಪತ್ರದ ಉತ್ತರಕ್ಕೆ ಕಾಯುತ್ತಾ ಕೂರುವುದು ಜಾಣತನವಲ್ಲ. ಉತ್ತರಕ್ಕೆ ಗಡುವೇ ಇಲ್ಲ. ಮೂರರಲ್ಲಿ ಎರಡು ದೋಷ ತಮ್ಮದೇ ಆದ್ದರಿಂದ ಈ ದಂಪತಿ ನೇರವಾಗಿ ಹೊಸ ಅರ್ಜಿ ಹಾಕಿ, ಅದರ ಜೊತೆಯ ಪತ್ರದಲ್ಲಿ ಮೂರೂ ಅಂಶಗಳಿಗೆ ಉತ್ತರ ಕೊಡುವುದೇ ಒಳ್ಳೆಯದು. ತಪ್ಪು ಪೂರ್ತಿ ಅಧಿಕಾರಿಯದೇ ಆಗಿದ್ದರೆ ಮಾತ್ರ ಪತ್ರ ಮೊದಲು.

ಎರಡು ಎಚ್ಚರಿಕೆ

ಫಾರ್ವರ್ಡ್‌ಗಳು ಹೇಳುವ "ಮೂವತ್ತು ದಿನ" ಎಂಬ ಗಡುವು ಪತ್ರಕ್ಕೆ ಇಲ್ಲ. ನಿಜವಾದ ಗಡುವು ಬೇರೆ ಇದೆ: ಕೆನಡಾದ ಫೆಡರಲ್ ಕೋರ್ಟಿಗೆ ಹೋಗಬೇಕೆಂದರೆ, ಹೊರದೇಶದಲ್ಲಿ ಆದ ನಿರ್ಧಾರಕ್ಕೆ 60 ದಿನ. ಪತ್ರ ಕಳಿಸಿದ ಮಾತ್ರಕ್ಕೆ ಆ ಲೆಕ್ಕ ನಿಲ್ಲುವುದಿಲ್ಲ.

ಇನ್ನೊಂದು, "ಬ್ಯಾಂಕ್ ಬ್ಯಾಲೆನ್ಸ್ ನಾನು ತೋರಿಸುತ್ತೇನೆ, ಉದ್ಯೋಗ ಪತ್ರ ನಾನು ಮಾಡಿಸುತ್ತೇನೆ" ಎನ್ನುವ ಏಜೆಂಟರು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾಕ್ಕೆ ಅರ್ಜಿಯೇ ನಡೆಯುವುದಿಲ್ಲ. ಕಾಗದ ಕೊಟ್ಟವನು ಏಜೆಂಟ್ ಆದರೂ ಸಹಿ ನಿಮ್ಮದು. ಬರೀ ತಿರಸ್ಕಾರವಾದರೆ ಮರುದಿನವೇ ಹೊಸ ಅರ್ಜಿ ಹಾಕಬಹುದು, ನಿಷೇಧವಾದರೆ ಮೊಮ್ಮಗು ಶಾಲೆಗೆ ಹೋಗುವವರೆಗೆ ಕಾಯಬೇಕು.

ನಮ್ಮ ತೀರ್ಮಾನ: ಮರುಪರಿಶೀಲನೆ ಪತ್ರ ಬರೆದರೆ ವೀಸಾ ಬಂದೇ ಬರುತ್ತದೆ ಎಂಬುದು ಸುಳ್ಳು. ಅಧಿಕಾರಿ ಕಡತದಲ್ಲಿದ್ದುದನ್ನು ನೋಡದೆ ಬಿಟ್ಟಿದ್ದರೆ ಪತ್ರಕ್ಕೆ ಅರ್ಥ ಇದೆ. ಕಡತದಲ್ಲಿ ಇಲ್ಲದ್ದನ್ನು ಈಗ ಸೇರಿಸಬೇಕಿದ್ದರೆ ಹೊಸ ಅರ್ಜಿ ಹಾಕಿ.