ಇಳಿದದ್ದು ಇನ್ಸುಲಿನ್, ಕಾಯಿಲೆಯಲ್ಲ

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ. ಬೆಳಿಗ್ಗೆ 24 ಯೂನಿಟ್, ರಾತ್ರಿ 16 ಯೂನಿಟ್ ಮಿಕ್ಸ್ ಇನ್ಸುಲಿನ್ ಚುಚ್ಚಿಕೊಂಡರೂ ಬರಿಹೊಟ್ಟೆಯ ಶುಗರ್ 160ರ ಕೆಳಗೆ ಇಳಿಯುತ್ತಿದ್ದದ್ದು ಅಪರೂಪ. ಅಂಥವರು ಒಂದು ರಾತ್ರಿ ಮೂರು ಗಂಟೆಗೆ ಬನಿಯನ್ ಹಿಂಡುವಷ್ಟು ಬೆವತು ಏನೇನೋ ಬಡಬಡಿಸತೊಡಗಿದರು. ಗ್ಲೂಕೋಮೀಟರ್ 48 ತೋರಿಸಿತು. ಡೋಸ್ ಬದಲಾಗಿರಲಿಲ್ಲ, ಊಟ ತಪ್ಪಿರಲಿಲ್ಲ. ಡಾಕ್ಟರು ಹಂತಹಂತವಾಗಿ ಇಳಿಸುತ್ತಾ ಬಂದು, ಎರಡು ತಿಂಗಳಲ್ಲಿ ದಿನದ 40 ಯೂನಿಟ್ 20ಕ್ಕೆ ನಿಂತಿತು. “ನೋಡಿದ್ಯೇನೋ, ಶುಗರ್ ವಾಸಿಯಾಗ್ತಾ ಇದೆ” ಅಂದರು ದೊಡ್ಡಪ್ಪ. ಅದೇ ವಾರದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 6 ದಾಟಿತ್ತು.

ಮೂತ್ರಪಿಂಡವೆಂದರೆ ಬರೀ ಸೋಸುವ ಜರಡಿಯಲ್ಲ, ಅದು ಇನ್ಸುಲಿನ್ ಮುರಿಯುವ ಜಾಗವೂ ಹೌದು. ನಮ್ಮದೇ ಮೇದೋಜೀರಕದಿಂದ ಹೊರಟ ಇನ್ಸುಲಿನ್ ಮೊದಲು ಯಕೃತ್ತಿಗೆ ಹೋಗುತ್ತದೆ, ಸುಮಾರು ಅರ್ಧ ಅಲ್ಲೇ ಮುಗಿದುಹೋಗುತ್ತದೆ. ಹೊಟ್ಟೆಯ ಚರ್ಮಕ್ಕೆ ಚುಚ್ಚಿದ ಇನ್ಸುಲಿನ್‌ಗೆ ಆ ಮೊದಲ ಸುಂಕವಿಲ್ಲ. ಅದು ನೇರ ರಕ್ತಕ್ಕೆ ಸೇರುವುದರಿಂದ ಅದನ್ನು ತೀರಿಸುವ ಕೆಲಸದಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಪುಟ್ಟ ಅಣುವಾದ್ದರಿಂದ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಆಚೆಯ ನಾಳದ ಕೋಶಗಳು ಅದನ್ನು ನುಂಗಿ ತುಂಡರಿಸುತ್ತವೆ. ಮೂತ್ರಕ್ಕೆ ಬರುವುದು ನೂರಕ್ಕೆ ಒಂದು ಪಾಲೂ ಇಲ್ಲ.

ಜರಡಿ ಕೆಡುತ್ತಾ ಬಂದಾಗ ಈ ಕೋಶಗಳು ಇನ್ನೊಂದು ಬದಿಯ ರಕ್ತದಿಂದಲೇ ಇನ್ಸುಲಿನ್ ಎಳೆದುಕೊಂಡು ಸರಿದೂಗಿಸುತ್ತವೆ. ಹಾಗಾಗಿ ಬಹಳ ಕಾಲ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸೋಸುವ ವೇಗ, ಅಂದರೆ ರಿಪೋರ್ಟಿನ ಇಜಿಎಫ್‌ಆರ್, ಸುಮಾರು 20ಕ್ಕಿಂತ ಕೆಳಗೆ ಬಂದಾಗ ಆ ಉಪಾಯವೂ ಸೋಲುತ್ತದೆ. ರಾತ್ರಿ ಚುಚ್ಚಿದ್ದು ಮುಗಿಯಬೇಕಾದ ಹೊತ್ತಿಗೆ ಮುಗಿಯದೆ ರಕ್ತದಲ್ಲೇ ಸುತ್ತುತ್ತಿರುತ್ತದೆ. ಸಾಲದ್ದಕ್ಕೆ, ಉಪವಾಸದ ಹೊತ್ತಿನಲ್ಲಿ ಮೂತ್ರಪಿಂಡವೂ ಒಂದಷ್ಟು ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತಿತ್ತು, ಆ ಆಸರೆಯೂ ಹೋಯಿತು. ಯೂರಿಯಾ ಏರಿ ಹಸಿವು ಸತ್ತವರು ರಾತ್ರಿ ಅರ್ಧ ಚಪಾತಿ ತಿಂದು ಏಳುತ್ತಾರೆ. ಮೂರೂ ಕೂಡಿದ್ದೇ ಆ 48. ಗ್ಲಿಬೆನ್‌ಕ್ಲಮೈಡ್ ಮಾತ್ರೆಯದೂ ಇದೇ ಕಥೆ. ಅದು ಒಡೆದು ಉಳಿದ ಅಂಶ ದೇಹದಲ್ಲಿ ನಿಂತು ಶುಗರನ್ನು ಗಂಟೆಗಟ್ಟಲೆ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ.

ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ಇನ್ನೊಂದು ಬಗೆ. ಯಂತ್ರದ ದ್ರವದಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 100 ಮಿಲಿಗ್ರಾಂ ಆಸುಪಾಸಿನ ಗ್ಲೂಕೋಸ್ ಇರುತ್ತದೆ. 250 ಇರುವ ರಕ್ತ ಪೊರೆಯ ಈಚೆ ಹರಿದರೆ ಸಕ್ಕರೆ ಆಚೆಗೆ ಜಾರುತ್ತದೆ. ನಾಲ್ಕು ಗಂಟೆ ಮುಗಿಯುವಷ್ಟರಲ್ಲಿ ದೊಡ್ಡಪ್ಪನ ಶುಗರ್ ಹೆಚ್ಚಾಗಿ 120ರ ಹತ್ತಿರ ಬಂದಿರುತ್ತದೆ. ಆದರೆ ಒಂದಷ್ಟು ಇನ್ಸುಲಿನ್ ಕೂಡ ಪೊರೆಗೆ ಅಂಟಿ ಹೋಗಿರುತ್ತದೆ. ಮನೆಗೆ ಬಂದು ಉಂಡ ಮೇಲೆ ಸಂಜೆಗೆ 260. ಆ ದಿನದ ರೇಖೆಯೇ ಬೇರೆ, ಮಾರನೇ ದಿನದ್ದೇ ಬೇರೆ. ಆದ್ದರಿಂದ ಡಯಾಲಿಸಿಸ್ ಇರುವ ದಿನ, ಇಲ್ಲದ ದಿನ ಎರಡರಲ್ಲೂ ಬೆರಳು ಚುಚ್ಚಿ ಬರೆದಿಟ್ಟ ಅಂಕಿ ನೋಡದೆ ಡೋಸ್ ಹೊಂದಿಸಲು ಬರುವುದಿಲ್ಲ.

ಇಲ್ಲಿ ಮೋಸ ಮಾಡುವುದು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ. ದೊಡ್ಡಪ್ಪನದು 6.2 ಬಂತು. ಆ ಅಂಕಿಯ ಪ್ರಕಾರ ಸರಾಸರಿ ಶುಗರ್ 131 ಇರಬೇಕು. ಅಕ್ಕ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಮೀಟರ್ ಅಂಕಿಗಳ ಸರಾಸರಿ 183. ಆ ಲೆಕ್ಕಕ್ಕೆ 8 ಬರಬೇಕಿತ್ತು! ಲ್ಯಾಬು ತಪ್ಪು ಮಾಡಿರಲಿಲ್ಲ. ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಆರೋಗ್ಯವಂತರಲ್ಲಿ ಆ ಕಣ ಸುಮಾರು 120 ದಿನ ಬದುಕುತ್ತದೆ, ಡಯಾಲಿಸಿಸ್‌ನವರಲ್ಲಿ ಅದಕ್ಕಿಂತ ಬೇಗ ಸಾಯುತ್ತದೆ. ರಕ್ತ ಹೆಚ್ಚಿಸಲು ಕೊಡುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ ಎಳೆಯ ಕಣಗಳನ್ನು ಗುಂಪಾಗಿ ಹೊರಗೆ ತರುತ್ತದೆ. ಎಳೆಯದಕ್ಕೆ ಸಕ್ಕರೆ ಅಂಟಲು ಹೊತ್ತೇ ಸಿಕ್ಕಿರುವುದಿಲ್ಲ. ಹಾಗಾಗಿ ಅಂಕಿ ಸುಳ್ಳೇ ಇಳಿಯುತ್ತದೆ. ರಕ್ತ ಕೊಡಿಸಿದ್ದರೂ ಇದನ್ನು ನಂಬುವಂತಿಲ್ಲ. ತೋಳಿಗೆ ಅಂಟಿಸುವ ಸೆನ್ಸರ್ ಎರಡು ವಾರ ಹಾಕಿ ನೋಡಿದರೆ ರಾತ್ರಿ ಮೂರರ ಕುಸಿತವೂ ಸಂಜೆಯ ಏರಿಕೆಯೂ ಕಣ್ಣಿಗೆ ಕಾಣುತ್ತವೆ. ಖರ್ಚು ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಶುಗರ್ ಹೆಚ್ಚಾದದ್ದನ್ನು ಗುರುತಿಸುವುದೂ ಕಷ್ಟ. ಮೂತ್ರವೇ ನಿಂತವರಿಗೆ ಪದೇಪದೇ ಮೂತ್ರಕ್ಕೆ ಹೋಗುವ ಲಕ್ಷಣ ಎಲ್ಲಿಂದ ಬರಬೇಕು? ಬಾಯಾರಿಕೆಯೊಂದೇ ಉಳಿಯುತ್ತದೆ. ನೀರು ಕುಡಿಯುತ್ತಾರೆ, ಮುಂದಿನ ಸರದಿಗೆ ತೂಕ ಮೂರು ಕಿಲೋ ಏರಿರುತ್ತದೆ. ಬೈಸಿಕೊಳ್ಳುವುದು ನೀರಿನ ವಿಷಯಕ್ಕೆ.

ಶುಗರ್ 48ಕ್ಕೆ ಇಳಿದ ಆ ರಾತ್ರಿ ದೊಡ್ಡಮ್ಮ ಗಾಬರಿಯಲ್ಲಿ ಎಳನೀರು ಕೊಚ್ಚಲು ಹೊರಟಿದ್ದರು. ಅದರ ಪೊಟ್ಯಾಸಿಯಂ ಮೂತ್ರಪಿಂಡ ಸೋತವರ ಹೃದಯಕ್ಕೇ ಅಪಾಯ, ಕಿತ್ತಳೆ ರಸವೂ ಹಾಗೆಯೇ. ಈಗ ಹಾಸಿಗೆ ಪಕ್ಕದ ಡಬ್ಬಿಯಲ್ಲಿ ಸಕ್ಕರೆ ಇರುತ್ತದೆ. ಶುಗರ್ 70ಕ್ಕಿಂತ ಇಳಿದರೆ, ಎಚ್ಚರವಿದ್ದು ನುಂಗುವಂತಿದ್ದರೆ, ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕಲಸಿ ಕುಡಿಸುವುದು, ಕಾಲು ಗಂಟೆ ಬಿಟ್ಟು ಮತ್ತೆ ಬೆರಳು ಚುಚ್ಚಿ ನೋಡುವುದು.